ಒಳನುಗ್ಗುವ ಆಲೋಚನೆಗಳು

ವ್ಯಕ್ತಿಯ ಇಚ್ಛೆಯಿಲ್ಲದೆ, ಆಗ ನಡೆಯುತ್ತಿರುವ ಕೆಲಸಕ್ಕೆ ಅಡ್ಡಬಂದು, ಥಟ್ಟನೆ ಮನಸ್ಸಿನಲ್ಲಿ ಮೂಡಿ, ಅವನಿಗೆ ಭಯವನ್ನೋ ಅಸಹ್ಯವನ್ನೋ ನಾಚಿಕೆಯನ್ನೋ ಉಂಟುಮಾಡುವ ವಿಚಾರ, ಚಿತ್ರ ಅಥವಾ ತುಡಿತಗಳನ್ನು ಮನೋವಿಜ್ಞಾನದಲ್ಲಿ ಒಳನುಗ್ಗುವ ಆಲೋಚನೆಗಳು ಎನ್ನುತ್ತಾರೆ. ಇವು ಬಹುಪಾಲು ಎಲ್ಲ ಮನುಷ್ಯರಲ್ಲೂ ಕಾಣಿಸಿಕೊಳ್ಳುತ್ತವೆ ಮತ್ತು ತಮ್ಮಷ್ಟಕ್ಕೆ ರೋಗಲಕ್ಷಣಗಳಲ್ಲ. ಆದರೆ ಅವುಗಳಲ್ಲಿ ತನ್ನ ಗುಪ್ತ ಬಯಕೆಯೋ ಮುಂದಾಗುವ ಅನಾಹುತದ ಸೂಚನೆಯೋ ಅಡಗಿದೆ ಎಂದು ವ್ಯಕ್ತಿ ಭಾವಿಸಿದಾಗ, ಕ್ಷಣದಲ್ಲಿ ಮಾಯವಾಗಬೇಕಿದ್ದ ಆಲೋಚನೆ ತಿಂಗಳುಗಟ್ಟಲೆ ಕಾಡುವ ಗೀಳಾಗಿ ಬೆಳೆಯಬಲ್ಲದು. ಆಲೋಚನೆ ಬರುವುದಕ್ಕೂ ಅದನ್ನು ಅರ್ಥೈಸುವುದಕ್ಕೂ ಇರುವ ಈ ಅಂತರವನ್ನು ಈ ಲೇಖನ, ಹೊಸದಾಗಿ ಹೆತ್ತ ತಾಯಂದಿರಲ್ಲಿ ಮೂಡುವ ಆಲೋಚನೆಗಳನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು, ವಿವರಿಸುತ್ತದೆ.

ಸ್ವರೂಪ

ಎತ್ತರದ ಮಹಡಿಯ ಅಂಚಿನಲ್ಲಿ ನಿಂತವನಿಗೆ ಹಾರಿಬಿಟ್ಟರೆ ಏನಾದೀತು ಎನ್ನಿಸುವುದು, ರೈಲು ಬರುತ್ತಿರುವಾಗ ಪಕ್ಕದಲ್ಲಿ ನಿಂತ ಅಪರಿಚಿತನನ್ನು ತಳ್ಳಿದಂತೆ ಒಂದು ಚಿತ್ರ ಮಿಂಚುವುದು, ದೇವರ ಮುಂದೆ ಕೈಮುಗಿದು ನಿಂತಾಗಲೇ ಹೊಲಸು ಬೈಗುಳವೊಂದು ಮನಸ್ಸಿಗೆ ಬರುವುದು, ಬೀಗ ಹಾಕಿ ಬೀದಿಗೆ ಬಂದಮೇಲೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಸಂಶಯ ಏಳುವುದು ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಹಿಂಸೆ, ಕಾಮ, ದೈವನಿಂದನೆ, ಕೊಳಕು ಮತ್ತು ಸಂಶಯ ಇವುಗಳ ಸಾಮಾನ್ಯ ವಸ್ತುಗಳು.

ಇವುಗಳನ್ನು ದಿನನಿತ್ಯದ ಚಿಂತೆಯಿಂದ ಬೇರೆಯಾಗಿ ನೋಡಬೇಕಾಗುತ್ತದೆ. ಸಾಲದ ಕಂತು, ಮಗಳ ಪರೀಕ್ಷೆ, ತಂದೆಯ ಆರೋಗ್ಯ ಮುಂತಾದವುಗಳ ಚಿಂತೆಯು ನಿಜವಾದ ಸಮಸ್ಯೆಯೊಂದರ ಸುತ್ತ ಮಾತಿನ ರೂಪದಲ್ಲಿ ಸುತ್ತುತ್ತದೆ, ಮತ್ತು ಚಿಂತಿಸುವವನಿಗೆ ಅದು ತನ್ನದೇ ವಿಚಾರ ಎನ್ನಿಸುತ್ತದೆ. ಒಳನುಗ್ಗುವ ಆಲೋಚನೆಯಾದರೋ ಹೆಚ್ಚಾಗಿ ಒಂದು ಚಿತ್ರವಾಗಿ ಅಥವಾ ಅರ್ಧ ತುಡಿತವಾಗಿ ಬಂದು, ವ್ಯಕ್ತಿಯ ಸ್ವಭಾವಕ್ಕೂ ಮೌಲ್ಯಗಳಿಗೂ ಹೊಂದದ ಪರಕೀಯ ವಸ್ತುವಿನಂತೆ ತೋರುತ್ತದೆ. ಸ್ವಂತ ಮೌಲ್ಯಗಳಿಗೆ ವಿರುದ್ಧವಾಗಿರುವ ಈ ಗುಣವನ್ನು ಮನೋವೈದ್ಯರು ಸ್ವಭಾವವಿರೋಧಿ ಗುಣವೆಂದು ಗುರುತಿಸುತ್ತಾರೆ, ಮತ್ತು ಅಪಾಯವಿಲ್ಲದ ಆಲೋಚನೆಯನ್ನು ಅಪಾಯವಿರುವ ಆಲೋಚನೆಯಿಂದ ಬೇರ್ಪಡಿಸುವಾಗ ಈ ಗುಣಕ್ಕೆ ಹೆಚ್ಚಿನ ಬೆಲೆ ಕೊಡುತ್ತಾರೆ.

ಎಷ್ಟು ವ್ಯಾಪಕ

20ನೇ ಶತಮಾನದ ಬಹುಕಾಲ, ಇಂಥ ಆಲೋಚನೆಗಳು ರೋಗಿಗಳಿಗೆ ಮಾತ್ರ ಬರುತ್ತವೆ ಎಂಬ ಭಾವನೆ ಚಿಕಿತ್ಸಕರಲ್ಲೂ ಇತ್ತು. ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವಾ 1978ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಾವನೆಯನ್ನು ಅಲುಗಾಡಿಸಿತು. ಯಾವುದೇ ಮಾನಸಿಕ ಚಿಕಿತ್ಸೆ ಪಡೆಯದ 124 ಜನರನ್ನು ಅವರು ವಿಚಾರಿಸಿದಾಗ 99 ಮಂದಿ, ಅಂದರೆ ಸುಮಾರು ಶೇ. 80ರಷ್ಟು ಜನ, ತಮಗೂ ಅಂಥ ಆಲೋಚನೆಗಳೋ ತುಡಿತಗಳೋ ಬರುತ್ತವೆಂದು ಒಪ್ಪಿಕೊಂಡರು. ಅನಂತರ ರೋಗಿಗಳ ಆಲೋಚನೆಗಳನ್ನೂ ಆರೋಗ್ಯವಂತರ ಆಲೋಚನೆಗಳನ್ನೂ ಬೆರೆಸಿ, ಯಾವುದು ಯಾರದೆಂಬುದನ್ನು ತಿಳಿಸದೆ ಅನುಭವಿ ಚಿಕಿತ್ಸಕರಿಗೆ ಓದಲು ಕೊಟ್ಟಾಗ, ವಸ್ತುವೊಂದನ್ನೇ ನೋಡಿ ಎರಡನ್ನೂ ಸರಿಯಾಗಿ ಬೇರ್ಪಡಿಸುವುದು ಅವರಿಗೆ ಕಷ್ಟವಾಯಿತು. ರೋಗಿಗಳಲ್ಲಿ ಆಲೋಚನೆ ಹೆಚ್ಚು ಸಲ ಬರುತ್ತಿತ್ತು, ಹೆಚ್ಚು ಹೊತ್ತು ಉಳಿಯುತ್ತಿತ್ತು, ಹೆಚ್ಚು ಸಂಕಟ ಕೊಡುತ್ತಿತ್ತು ಮತ್ತು ಅದನ್ನು ಸರಿಪಡಿಸುವ ಯಾವುದಾದರೊಂದು ಕ್ರಿಯೆಗೆ ಅವರನ್ನು ದೂಡುತ್ತಿತ್ತು.

ಈ ತೀರ್ಮಾನ ಪಾಶ್ಚಾತ್ಯ ಸಮಾಜಗಳಿಗೆ ಮಾತ್ರ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ, ಕೆನಡಾದ ಆಡಮ್ ರಾಡೊಮ್ಸ್ಕಿ ಮತ್ತು ಸಹವರ್ತಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಟ್ಟಿತು. 6 ಖಂಡಗಳ 13 ದೇಶಗಳಲ್ಲಿ 777 ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು, ಸಾಮಾನ್ಯ ಚಿಂತೆಯೊಂದಿಗೆ ಕಲಸಿಹೋಗದಂತೆ ಎಚ್ಚರವಹಿಸಿ ಸಂದರ್ಶಿಸಿದಾಗ, ಹಿಂದಿನ ಮೂರು ತಿಂಗಳಲ್ಲಿ ಕನಿಷ್ಠ ಒಂದಾದರೂ ಒಳನುಗ್ಗುವ ಆಲೋಚನೆ ಬಂದಿತ್ತೆಂದು ಶೇ. 93.6ರಷ್ಟು ಜನ ಹೇಳಿದರು. ಸಂಶಯದ ರೂಪದವು ಹೆಚ್ಚಾಗಿಯೂ ಕಾಮ, ಧರ್ಮ, ಅನೀತಿಗಳಿಗೆ ಸಂಬಂಧಿಸಿದ ಜುಗುಪ್ಸೆಯ ಆಲೋಚನೆಗಳು ಕಡಿಮೆಯಾಗಿಯೂ ವರದಿಯಾದವು.

ರೋಗಿಗಳ ಮತ್ತು ಆರೋಗ್ಯವಂತರ ಆಲೋಚನೆಗಳು ವಸ್ತುವಿನಲ್ಲಿ ಪೂರ್ತಿ ಒಂದೇ ಎಂಬ ಮಾತನ್ನು ಮುಂದಿನ ಕೆಲವು ಸಂಶೋಧಕರು ಒಪ್ಪಿಲ್ಲ. ರೋಗಿಗಳ ಗೀಳುಗಳಲ್ಲಿ ವಿಚಿತ್ರವೆನ್ನಿಸುವ, ಎದುರಿಗಿರುವ ಸನ್ನಿವೇಶಕ್ಕೆ ಸಂಬಂಧವಿಲ್ಲದ ವಸ್ತು ಹೆಚ್ಚಾಗಿರುತ್ತದೆಂಬುದು ಅವರ ಆಕ್ಷೇಪ. ಆದರೂ ಆರೋಗ್ಯವಂತರಲ್ಲಿ ಬಹುಪಾಲು ಜನರಿಗೆ ಇಂಥ ಆಲೋಚನೆಗಳು ಬರುತ್ತವೆ ಎಂಬ ಮೂಲ ತೀರ್ಮಾನ ಗಟ್ಟಿಯಾಗಿ ನಿಂತಿದೆ.

ಏಕೆ ಬರುತ್ತವೆ

ಮನಸ್ಸು ಒಂದೇ ಕೆಲಸದ ಮೇಲೆ ನಿಲ್ಲುವ ಹೊತ್ತು ಜನ ತಿಳಿದುಕೊಂಡಿರುವುದಕ್ಕಿಂತ ಕಡಿಮೆ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ಪ್ರಶ್ನಿಸಿದಾಗ, ಶೇ. 46.9ರಷ್ಟು ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಬೇರೆಡೆ ಅಲೆಯುತ್ತಿತ್ತು. ಹೀಗೆ ಅಲೆಯುವ ಮನಸ್ಸು ನೆನಪು, ಕಣ್ಣೆದುರಿನ ವಸ್ತು ಮತ್ತು ಸದ್ಯದ ಕಾಳಜಿಗಳನ್ನು ಬೆಸೆದು ಆಗಬಹುದಾದ ಘಟನೆಗಳ ತುಣುಕುಗಳನ್ನು ಉಂಟುಮಾಡುತ್ತಲೇ ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ನೆನಪಿನಲ್ಲಿ ಗುರುತೂ ಉಳಿಯದಂತೆ ಅಳಿಸಿಹೋಗುತ್ತವೆ. ಬೆಚ್ಚಿಬೀಳಿಸಿದ ತುಣುಕು ಮಾತ್ರ ಗಮನವನ್ನು ಸೆಳೆದು ನೆನಪಿನಲ್ಲಿ ಉಳಿಯುತ್ತದೆ. ಆದ್ದರಿಂದ ವ್ಯಕ್ತಿಗೆ ತನ್ನ ಮನಸ್ಸಿನ ತುಂಬ ಕೆಟ್ಟ ಆಲೋಚನೆಗಳೇ ಇವೆ ಎಂದು ತೋರುವುದರಲ್ಲಿ ಈ ಆಯ್ಕೆಯ ಪಾಲು ದೊಡ್ಡದು.

ಎರಡನೆಯ ಕಾರಣ ಅಪಾಯವನ್ನು ಮುಂಚಿತವಾಗಿ ಊಹಿಸುವ ಶಕ್ತಿ. ಚಾಕು, ಬಾವಿ, ಕುದಿಯುವ ನೀರು, ಮಹಡಿಯ ಅಂಚು ಇವುಗಳ ಬಳಿ ಎಚ್ಚರವಾಗಿರಬೇಕಾದರೆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದು ಎಲ್ಲೋ ಒಂದೆಡೆ ಮನಸ್ಸಿಗೆ ಗೊತ್ತಿರಬೇಕು, ಮತ್ತು ಆ ತಿಳಿವು ಕೆಲವೊಮ್ಮೆ ಚಿತ್ರವಾಗಿ ಹೊರಬರುತ್ತದೆ. ಅಮೆರಿಕದ ಜೆನಿಫರ್ ಹೇಮ್ಸ್ ಮತ್ತು ಸಹವರ್ತಿಗಳು 2012ರಲ್ಲಿ 431 ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಎಂದೂ ಆತ್ಮಹತ್ಯೆಯ ಯೋಚನೆ ಮಾಡಿರದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಎತ್ತರದಲ್ಲಿ ನಿಂತಾಗ ಹಾರುವ ತುಡಿತವನ್ನು ಅನುಭವಿಸಿದ್ದರು. ಸಂಶೋಧಕರು ಮುಂದಿಟ್ಟ ಊಹೆಯಂತೆ, ಅಪಾಯವನ್ನು ಗ್ರಹಿಸಿದ ದೇಹವು ಮೊದಲು ವ್ಯಕ್ತಿಯನ್ನು ಹಿಂದಕ್ಕೆ ಎಳೆಯುತ್ತದೆ. ತಾನೇಕೆ ಹಿಂದೆ ಸರಿದೆ ಎಂಬುದಕ್ಕೆ ಕಾರಣ ಹುಡುಕುವ ಮನಸ್ಸು ತನಗೆ ಹಾರಬೇಕೆನ್ನಿಸಿರಬೇಕು ಎಂದು ಆಮೇಲೆ ತೀರ್ಮಾನಿಸುತ್ತದೆ. ಊಹೆ ಇನ್ನೂ ಪೂರ್ತಿ ಸಿದ್ಧವಾಗಿಲ್ಲವಾದರೂ, ಬದುಕಲು ಬಯಸುವ ಎಚ್ಚರವೇ ಸಾಯುವ ಬಯಕೆಯೆಂದು ತಪ್ಪಾಗಿ ಓದಲ್ಪಡುವ ಸಾಧ್ಯತೆಯನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ.

ನಿದ್ದೆಗೆಡುವುದು, ದಣಿವು, ಒತ್ತಡ, ಬೇಸರದ ಮನಃಸ್ಥಿತಿ ಮತ್ತು ಹೆಗಲ ಮೇಲೆ ಹೊಸದಾಗಿ ಬಿದ್ದ ದೊಡ್ಡ ಜವಾಬ್ದಾರಿ ಇವು ಇಂಥ ಆಲೋಚನೆಗಳನ್ನು ಹೆಚ್ಚಿಸುತ್ತವೆ. ಇವೆಲ್ಲವೂ ಒಟ್ಟಿಗೆ ಸೇರುವ ಕಾಲಗಳಲ್ಲಿ ಬಾಣಂತನವೂ ಒಂದು.

ಅರ್ಥ ಹಚ್ಚುವ ತಪ್ಪು

ಇಂಗ್ಲೆಂಡಿನ ಪಾಲ್ ಸಾಲ್ಕೋವ್‌ಸ್ಕಿಸ್ 1985ರಲ್ಲಿ, ರಾಕ್‌ಮನ್ 1997ರಲ್ಲಿ ಮಂಡಿಸಿದ ಸಿದ್ಧಾಂತಗಳ ಸಾರ ಒಂದೇ ದಿಕ್ಕಿನದು: ಆಲೋಚನೆ ಗೀಳಾಗುವುದು ಅದರ ವಸ್ತುವಿನಿಂದಲ್ಲ, ಅದಕ್ಕೆ ವ್ಯಕ್ತಿ ಕೊಡುವ ಅರ್ಥದಿಂದ. ಒಬ್ಬನು ಎಂಥಾ ಹುಚ್ಚು ಯೋಚನೆ ಎಂದು ತಲೆಕೊಡವಿ ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಇನ್ನೊಬ್ಬನು ತನ್ನಂಥವನಿಗೆ ಇದು ಬಂದಿತೆಂದರೆ ತಾನು ಎಂಥವನಿರಬೇಕು, ಇದನ್ನು ತಡೆಯದಿದ್ದರೆ ಆಗುವ ಅನಾಹುತಕ್ಕೆ ತಾನೇ ಹೊಣೆ ಎಂದು ನಿಲ್ಲುತ್ತಾನೆ. ಇಬ್ಬರಿಗೂ ಬಂದದ್ದು ಒಂದೇ ಆಲೋಚನೆ.

ಈ ತಪ್ಪು ಅರ್ಥೈಸುವಿಕೆಯ ಒಂದು ಮುಖ್ಯ ರೂಪಕ್ಕೆ ರೋಜ್ ಶಾಫ್ರನ್, ರಾಕ್‌ಮನ್ ಮತ್ತು ಸಹವರ್ತಿಗಳು 1996ರಲ್ಲಿ ಆಲೋಚನೆ ಮತ್ತು ಕ್ರಿಯೆಗಳ ಬೆಸುಗೆ ಎಂಬ ಅರ್ಥದ ಹೆಸರು ಕೊಟ್ಟು ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದರು. ಇದರಲ್ಲಿ ಎರಡು ಬಗೆಗಳಿವೆ. ಒಂದು ನೈತಿಕ ಬೆಸುಗೆ. ಇದರಂತೆ ಕೆಟ್ಟದ್ದನ್ನು ಯೋಚಿಸುವುದು ಕೆಟ್ಟದ್ದನ್ನು ಮಾಡಿದಷ್ಟೇ ಪಾಪ. ಇನ್ನೊಂದು ಸಂಭವದ ಬೆಸುಗೆ. ಇದರಂತೆ ಯೋಚಿಸಿದ ಮಾತ್ರಕ್ಕೆ ಆ ಕೆಟ್ಟದ್ದು ಆಗುವ ಸಾಧ್ಯತೆ ಹೆಚ್ಚುತ್ತದೆ. ಅಪಶಕುನದ ಮಾತು ಆಡಬಾರದು, ಬಿಡ್ತು ಅನ್ನು ಎಂದು ಹಿರಿಯರು ಗದರುವ ಮನೆಗಳಲ್ಲಿ ಬೆಳೆದವರಿಗೆ ಎರಡನೆಯ ಭಾವನೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಆ ರೂಢಿಯಿಂದ ಗೀಳು ಹುಟ್ಟುವುದಿಲ್ಲ, ಆದರೆ ಆಡಿದ ಮಾತಿಗೆ ಇರುವ ಭಯವನ್ನು ಆಡದೆ ಮೂಡಿದ ಆಲೋಚನೆಗೂ ವ್ಯಕ್ತಿ ವಿಸ್ತರಿಸಿದಾಗ ತೊಂದರೆ ಆರಂಭವಾಗುತ್ತದೆ.

ಅರ್ಥವೇ ಆಲೋಚನೆಯನ್ನು ಹೆಚ್ಚಿಸುತ್ತದೆಂಬುದನ್ನು ನೆದರ್‌ಲ್ಯಾಂಡ್ಸ್‌ನ ಎರಿಕ್ ರಾಸಿನ್ ಮತ್ತು ಸಹವರ್ತಿಗಳು 1999ರಲ್ಲಿ ಒಂದು ಪ್ರಯೋಗದಿಂದ ಪರೀಕ್ಷಿಸಿದರು. ವಿದ್ಯಾರ್ಥಿಗಳನ್ನು ಮಿದುಳಿನ ಅಲೆಗಳನ್ನು ಅಳೆಯುತ್ತದೆ ಎನ್ನಲಾದ ಯಂತ್ರಕ್ಕೆ ಜೋಡಿಸಿ, ಸೇಬು ಎಂಬ ಪದವನ್ನು ಯಂತ್ರ ಗುರುತಿಸಬಲ್ಲದು ಎಂದು ನಂಬಿಸಲಾಯಿತು. ಒಂದು ಗುಂಪಿಗೆ ಮಾತ್ರ, ಅವರು ಸೇಬನ್ನು ನೆನೆದಾಗಲೆಲ್ಲ ಬೇರೊಬ್ಬ ವ್ಯಕ್ತಿಗೆ ವಿದ್ಯುದಾಘಾತವಾಗುತ್ತದೆ, ತಕ್ಷಣ ಗುಂಡಿಯೊಂದನ್ನು ಒತ್ತಿ ಅದನ್ನು ತಪ್ಪಿಸಬಹುದು ಎಂದು ಹೇಳಲಾಯಿತು. ನಿಜದಲ್ಲಿ ಯಾರಿಗೂ ಆಘಾತ ಕೊಡಲಿಲ್ಲ. ಆದರೂ ಹಾಗೆ ನಂಬಿದ ಗುಂಪಿನವರಿಗೆ ಸೇಬು ಹೆಚ್ಚು ಸಲ ನೆನಪಾಯಿತು, ಹೆಚ್ಚು ಸಂಕಟವಾಯಿತು, ಅದನ್ನು ತಡೆಯಲು ಅವರು ಹೆಚ್ಚು ಹೆಣಗಿದರು. ಸೇಬಿನಂಥ ನಿರುಪದ್ರವಿ ವಸ್ತುವೂ ಅಪಾಯದ ಅರ್ಥ ಅಂಟಿಕೊಂಡ ಕೂಡಲೇ ಒಳನುಗ್ಗುವ ಆಲೋಚನೆಯಾಗಬಲ್ಲದು.

ಅರ್ಥವಿಲ್ಲದಿದ್ದರೆ ಈ ಆಲೋಚನೆಯೇ ಏಕೆ ಬರಬೇಕಿತ್ತು ಎಂಬುದು ಕಾಡಿಸಿಕೊಂಡವರೆಲ್ಲ ಕೇಳುವ ಪ್ರಶ್ನೆ. ವ್ಯಕ್ತಿ ಯಾವುದನ್ನು ಹೆಚ್ಚು ಬೆಲೆಯುಳ್ಳದ್ದೆಂದು ಕಾಪಾಡುತ್ತಾನೋ ಅದಕ್ಕೆ ಎದುರಾದ ಆಲೋಚನೆಯೇ ಅವನನ್ನು ಹೆಚ್ಚು ಬೆಚ್ಚಿಸುತ್ತದೆ, ಬೆಚ್ಚಿಸಿದ್ದೇ ಮರಳಿ ಬರುತ್ತದೆ ಎಂಬುದು ಅದಕ್ಕೆ ರಾಕ್‌ಮನ್ ಅವರ ಸಿದ್ಧಾಂತದಿಂದ ದೊರೆಯುವ ಉತ್ತರ. ದೈವಭಕ್ತನಿಗೆ ದೈವನಿಂದನೆಯೂ ಸೌಮ್ಯ ಸ್ವಭಾವದವನಿಗೆ ಹಿಂಸೆಯೂ ಕಾಡುವುದು ಈ ಕಾರಣದಿಂದ. ದೇವರಲ್ಲಿ ನಂಬಿಕೆಯೇ ಇಲ್ಲದವನ ಮನಸ್ಸಿನಲ್ಲಿ ಅದೇ ಬೈಗುಳ ಬಂದರೂ ನಿಲ್ಲಲು ಅಲ್ಲಿ ಆಸರೆ ಸಿಗುವುದಿಲ್ಲ.

ಬಾಣಂತಿಯರ ಉದಾಹರಣೆ

ಕೆನಡಾದ ನಿಕೋಲ್ ಫೇರ್‌ಬ್ರದರ್ ಮತ್ತು ಶೀಲಾ ವುಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ತಾಯಂದಿರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮಗುವಿಗೆ ಆಕಸ್ಮಿಕವಾಗಿ ಹಾನಿಯಾಗುವ ಆಲೋಚನೆಗಳು ಬಂದಿದ್ದವು, ಮತ್ತು ಸುಮಾರು ಅರ್ಧದಷ್ಟು ತಾಯಂದಿರಿಗೆ ತಾವೇ ಬೇಕೆಂದು ಮಗುವಿಗೆ ಹಾನಿ ಮಾಡುವ ಆಲೋಚನೆಗಳೂ ಬಂದಿದ್ದವು. ಫೇರ್‌ಬ್ರದರ್ ಮತ್ತು ಸಹವರ್ತಿಗಳು ಅದೇ ದೇಶದಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವು, ಇಂಥ ಆಲೋಚನೆ ಬಂದ ತಾಯಂದಿರು ಬಾರದವರಿಗಿಂತ ಹೆಚ್ಚಾಗಿ ಮಕ್ಕಳ ಮೇಲೆ ಕೈಮಾಡುತ್ತಾರೆ ಎನ್ನಲು ಯಾವ ಆಧಾರವೂ ಇಲ್ಲವೆಂದು ತೋರಿಸಿತು.

ಈ ಆಲೋಚನೆ ಗೀಳಾಗುವ ಕ್ರಮವನ್ನು ತಿಳಿಯಲು, ಚಿಕಿತ್ಸಾಲಯಗಳಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣಗಳನ್ನು ಕೂಡಿಸಿ ಕಲ್ಪಿಸಿದ ಒಬ್ಬ ಬಾಣಂತಿಯನ್ನು ತೆಗೆದುಕೊಳ್ಳಬಹುದು. ಚೊಚ್ಚಲ ಹೆರಿಗೆಯಾಗಿ ತವರಿನಲ್ಲಿರುವ ಆಕೆ ಮೂರು ವಾರಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತೊಟ್ಟಿಲ ಪಕ್ಕ ಕುಳಿತು ತರಕಾರಿ ಹೆಚ್ಚುತ್ತಿರುವಾಗ, ಕೈಯಲ್ಲಿರುವ ಚಾಕು ಮಗುವಿಗೆ ಇರಿದಂತೆ ಒಂದು ಚಿತ್ರ ಅರೆಕ್ಷಣ ಕಣ್ಣಮುಂದೆ ಬರುತ್ತದೆ. ದಣಿವು, ಎದುರಿಗಿರುವ ಚಾಕು, ಮಗುವಿನ ಸುರಕ್ಷತೆಯ ಬಗ್ಗೆ ಸದಾ ಜಾಗೃತವಾಗಿರುವ ಮನಸ್ಸು ಇಷ್ಟೇ ಆ ಚಿತ್ರಕ್ಕೆ ಸಾಕು, ಮತ್ತು ಇಲ್ಲಿಯವರೆಗೆ ಆಕೆಯ ಅನುಭವ ಉಳಿದ ಅನೇಕ ತಾಯಂದಿರ ಅನುಭವಕ್ಕಿಂತ ಬೇರೆಯಲ್ಲ.

ದಾರಿ ಕವಲೊಡೆಯುವುದು ಮುಂದಿನ ಕ್ಷಣದಲ್ಲಿ. ಹೆತ್ತ ತಾಯಿಗೆ ಇಂಥದ್ದು ಹೊಳೆಯಬಹುದೇ, ತಾನು ರಾಕ್ಷಸಿಯೇ, ಒಂದು ದಿನ ಕೈ ಮೀರಿ ಮಾಡಿಬಿಟ್ಟರೆ ಎಂದು ಆಕೆ ಕೇಳಿಕೊಳ್ಳುತ್ತಾಳೆ. ಉತ್ತರ ಸಿಗದೆ ಮೊದಲು ಚಾಕುವನ್ನು ಮೇಲಿನ ಕಪಾಟಿನಲ್ಲಿಡುತ್ತಾಳೆ, ಆಮೇಲೆ ಅಡುಗೆಮನೆಗೆ ಹೋಗುವುದನ್ನೇ ಬಿಡುತ್ತಾಳೆ, ಮಗುವಿನ ಜೊತೆ ಒಂಟಿಯಾಗಿರದಂತೆ ತಾಯಿಯನ್ನು ಬಳಿಯಲ್ಲೇ ಕೂರಿಸಿಕೊಳ್ಳುತ್ತಾಳೆ, ತಾನೇನೂ ಮಾಡಿಲ್ಲವೆಂದು ಖಚಿತಪಡಿಸಿಕೊಳ್ಳಲು ಮಗುವಿನ ಮೈಯನ್ನು ಮತ್ತೆ ಮತ್ತೆ ನೋಡುತ್ತಾಳೆ. ಪ್ರತಿಯೊಂದು ಕ್ರಿಯೆಯಿಂದಲೂ ಸ್ವಲ್ಪ ಹೊತ್ತು ನೆಮ್ಮದಿ ಸಿಗುತ್ತದೆ, ಮತ್ತು ಆ ನೆಮ್ಮದಿಯೇ ಆಕೆಯನ್ನು ಸಿಕ್ಕಿಸುತ್ತದೆ; ಏಕೆಂದರೆ ಮಗು ಕ್ಷೇಮವಾಗಿರುವುದು ತನ್ನ ಮುನ್ನೆಚ್ಚರಿಕೆಯಿಂದಲೇ ಎಂದು ಮನಸ್ಸು ಕಲಿಯುತ್ತದೆಯೇ ಹೊರತು, ಮುನ್ನೆಚ್ಚರಿಕೆ ಇಲ್ಲದೆಯೂ ಏನೂ ಆಗುತ್ತಿರಲಿಲ್ಲವೆಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಇದರ ಮೇಲೆ, ಹೇಳಿದರೆ ಮಗುವನ್ನು ತನ್ನಿಂದ ದೂರ ಮಾಡಿಯಾರು ಎಂಬ ಹೆದರಿಕೆಯಿಂದ ಆಕೆ ಯಾರಲ್ಲೂ ಬಾಯಿಬಿಡುವುದಿಲ್ಲವಾದ್ದರಿಂದ, ಬೇರೆ ತಾಯಂದಿರಿಗೂ ಹೀಗಾಗುತ್ತದೆ ಎಂಬ ಮಾತು ಆಕೆಯ ಕಿವಿಗೆ ಬೀಳುವುದೇ ಇಲ್ಲ.

ಆಲೋಚನೆಯನ್ನು ಅದುಮಿಡುವ ಯತ್ನವೂ ಇದೇ ರೀತಿ ತಿರುಗಿಬೀಳುತ್ತದೆ. ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಹವರ್ತಿಗಳ 1987ರ ಪ್ರಯೋಗದಲ್ಲಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬಾರದೆಂದು ಹೇಳಿಸಿಕೊಂಡವರಿಗೆ ಅದು ಮತ್ತೆ ಮತ್ತೆ ನೆನಪಾಯಿತು. ಅನಂತರ ನೆನೆಯಬಹುದು ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಹೆಚ್ಚಾಗಿ ಅವರು ಅದನ್ನು ನೆನೆದರು. ಬೇಡವಾದ ಆಲೋಚನೆ ಬಂದಿತೇ ಎಂದು ಕಾಯುವ ಮನಸ್ಸು ಹಾಗೆ ಕಾಯುವುದಕ್ಕಾಗಿಯೇ ಅದನ್ನು ಸಿದ್ಧವಾಗಿ ಇಟ್ಟುಕೊಂಡಿರಬೇಕಾಗುತ್ತದೆ ಎಂದು ವೆಗ್ನರ್ 1994ರಲ್ಲಿ ಇದನ್ನು ವಿವರಿಸಿದರು. ಮುಂದಿನ ಪ್ರಯೋಗಗಳಲ್ಲಿ ಈ ಪರಿಣಾಮ ಎಲ್ಲ ಸಲವೂ ಅಷ್ಟೇ ಪ್ರಬಲವಾಗಿ ಕಂಡಿಲ್ಲ. ಆದರೆ ಅದುಮುವಿಕೆ ಸೋತಾಗಲೆಲ್ಲ ಆ ಸೋಲೇ ತನ್ನ ಬಯಕೆಗೆ ಸಾಕ್ಷಿಯೆಂದು ವ್ಯಕ್ತಿ ಓದಿಕೊಳ್ಳುವುದರಿಂದ, ಸಣ್ಣ ಪರಿಣಾಮವೂ ದೊಡ್ಡ ತಪ್ಪು ತೀರ್ಮಾನಕ್ಕೆ ದಾರಿ ಮಾಡುತ್ತದೆ.

ಎಲ್ಲಿ ಎಚ್ಚರ ಬೇಕು

ಹಾನಿಯ ಆಲೋಚನೆಗಳೆಲ್ಲ ನಿರಪಾಯಕಾರಿ ಎನ್ನುವಂತಿಲ್ಲ. ಜನ ಬಾಣಂತಿ ಸನ್ನಿ ಎಂದು ಕರೆಯುವ, 1,000 ಹೆರಿಗೆಗಳಲ್ಲಿ ಸುಮಾರು 1ರಿಂದ 2ರಲ್ಲಿ ಕಾಣುವ ತೀವ್ರ ಮನೋರೋಗ ಬೇರೆಯೇ ಸ್ಥಿತಿ. ಅದು ಹೆಚ್ಚಾಗಿ ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಆರಂಭವಾಗುತ್ತದೆ. ಅದರಲ್ಲಿ ತಾಯಿ ಗೊಂದಲಗೊಂಡಿರುತ್ತಾಳೆ, ನಿದ್ದೆಯ ಅಗತ್ಯವೇ ಇಲ್ಲದಂತೆ ವರ್ತಿಸಬಹುದು, ಇಲ್ಲದ ಧ್ವನಿಗಳು ಕೇಳಬಹುದು, ಮಗುವಿಗೆ ದೆವ್ವ ಹಿಡಿದಿದೆ ಅಥವಾ ಅದು ತನ್ನ ಮಗುವೇ ಅಲ್ಲ ಎಂದು ದೃಢವಾಗಿ ನಂಬಬಹುದು. ಗೀಳಿನ ತಾಯಿಗೆ ತನ್ನ ಆಲೋಚನೆಯೇ ಭಯ ಹುಟ್ಟಿಸುತ್ತದೆ ಮತ್ತು ಆಕೆ ಅದರಿಂದ ಮಗುವನ್ನು ಕಾಪಾಡಲು ಹೆಣಗುತ್ತಾಳೆ. ಸನ್ನಿಯ ಸ್ಥಿತಿಯಲ್ಲಿ ಆ ಆಲೋಚನೆ ಸರಿಯಾದದ್ದು, ಅಗತ್ಯವಾದದ್ದು ಎಂದೇ ತೋರಬಹುದು, ಆದ್ದರಿಂದ ಅದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕಾದ ತುರ್ತುಸ್ಥಿತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನಿಂದ ಬೇರ್ಪಡಿಸದೆ ದಾಖಲಿಸಿ ಚಿಕಿತ್ಸೆ ಕೊಡುವ ತಾಯಿ-ಮಗು ಘಟಕ 2009ರಿಂದ ಕೆಲಸ ಮಾಡುತ್ತಿದೆ.

ಆತ್ಮಹತ್ಯೆಯ ವಿಷಯದಲ್ಲೂ ಇದೇ ವಿವೇಚನೆ ಬೇಕು. ಎತ್ತರದಲ್ಲಿ ಮಿಂಚಿ ಹೋಗುವ, ವ್ಯಕ್ತಿಯನ್ನು ಹಿಂದೆ ಸರಿಸುವ ತುಡಿತ ಒಂದು. ಬದುಕು ಸಾಕೆನ್ನಿಸಿ, ಸಾವಿನ ಯೋಚನೆಯಲ್ಲಿ ಸಮಾಧಾನ ಕಂಡು, ಹೇಗೆ, ಎಂದು ಎಂಬ ಸಿದ್ಧತೆಯ ಕಡೆಗೆ ಸಾಗುವ ಆಲೋಚನೆ ಇನ್ನೊಂದು, ಮತ್ತು ಇದಕ್ಕೆ ತಡಮಾಡದೆ ನೆರವು ಪಡೆಯಬೇಕು.

ಚಿಕಿತ್ಸೆ

ಆಲೋಚನೆಗಳು ದಿನದಲ್ಲಿ ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ, ಅಥವಾ ಮನೆಗೆಲಸ, ಉದ್ಯೋಗ, ಸಂಬಂಧಗಳಿಗೆ ಅಡ್ಡಿಯಾಗುತ್ತಿದ್ದರೆ, ಮನೋವೈದ್ಯರು ಅದನ್ನು ಗೀಳು ಕಾಯಿಲೆಯಾಗಿ ಪರಿಗಣಿಸುತ್ತಾರೆ. ಇದಕ್ಕೆ ಚೆನ್ನಾಗಿ ಪರೀಕ್ಷೆಗೊಳಗಾದ ಮಾನಸಿಕ ಚಿಕಿತ್ಸೆಯ ಬೇರು, ಲಂಡನ್ನಿನಲ್ಲಿ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ವಿಧಾನದಲ್ಲಿದೆ. ಭಯ ಹುಟ್ಟಿಸುವ ಸನ್ನಿವೇಶಕ್ಕೆ ವ್ಯಕ್ತಿಯನ್ನು ಹಂತಹಂತವಾಗಿ ಒಡ್ಡುತ್ತಾ, ಅದನ್ನು ಶಮನಗೊಳಿಸಲು ಮಾಡುವ ಕ್ರಿಯೆಗಳನ್ನು ಮಾಡದಂತೆ ನೆರವಾಗುವುದು ಅದರ ತಿರುಳು. ಮೇಲಿನ ಬಾಣಂತಿ ಮೊದಲು ಚಿಕಿತ್ಸಕರಿಂದ ಇಂಥ ಆಲೋಚನೆಗಳು ಎಷ್ಟು ಸಾಮಾನ್ಯವೆಂದು ತಿಳಿಯುತ್ತಾಳೆ. ಆಮೇಲೆ ಮಗು ಪಕ್ಕದ ಕೋಣೆಯಲ್ಲಿದ್ದಾಗ ಚಾಕು ಹಿಡಿಯುತ್ತಾಳೆ, ಮುಂದೆ ಮಗು ಅದೇ ಕೋಣೆಯ ತೊಟ್ಟಿಲಲ್ಲಿ ಮಲಗಿರುವಾಗ ತರಕಾರಿ ಹೆಚ್ಚುತ್ತಾಳೆ, ಕೊನೆಗೆ ಯಾರನ್ನೂ ಕಾವಲಿಗೆ ಕೂರಿಸದೆ ಮಗುವಿಗೆ ಸ್ನಾನ ಮಾಡಿಸುತ್ತಾಳೆ. ಆಲೋಚನೆ ಬಂದರೆ ಅದನ್ನು ಓಡಿಸದೆ, ಅದರೊಡನೆ ವಾದಿಸದೆ, ಕೈಲಿದ್ದ ಕೆಲಸವನ್ನು ಮುಂದುವರಿಸುತ್ತಾಳೆ. ಅಗತ್ಯವಿದ್ದಾಗ, ಹಾಲೂಡಿಸುವುದನ್ನು ಗಮನದಲ್ಲಿಟ್ಟುಕೊಂಡು ವೈದ್ಯರು ಔಷಧವನ್ನೂ ಕೊಡುತ್ತಾರೆ.

ಮನೆಯವರ ಪಾತ್ರ ಇಲ್ಲಿ ಸೂಕ್ಷ್ಮವಾದದ್ದು. ಆಲೋಚನೆಯನ್ನು ಕೇಳಿ ಗಾಬರಿಯಾಗಿ ಮಗುವನ್ನು ಕಿತ್ತುಕೊಳ್ಳುವುದು ಆಕೆಯ ತಪ್ಪು ತಿಳಿವಳಿಕೆಯನ್ನೇ ಗಟ್ಟಿಮಾಡುತ್ತದೆ. ದಿನಕ್ಕೆ ಹತ್ತು ಬಾರಿ ನೀನು ಹಾಗೆ ಮಾಡುವವಳಲ್ಲ ಎಂದು ಸಮಾಧಾನ ಹೇಳುವುದೂ ಚಾಕು ಬಚ್ಚಿಟ್ಟಂತೆಯೇ ಕೆಲಸ ಮಾಡುತ್ತದೆ. ಭಯಪಡದೆ ಕೇಳಿಸಿಕೊಂಡು, ಆಕೆಗೆ ನಿದ್ದೆಗೆ ಅವಕಾಶ ಮಾಡಿಕೊಟ್ಟು, ತಜ್ಞರ ಬಳಿಗೆ ಕರೆದೊಯ್ಯುವುದು ಸರಿಯಾದ ಕ್ರಮ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲೂ ಮಾತನಾಡಬಹುದು.

ಮನುಷ್ಯನ ನಡತೆಯನ್ನು ಅಳೆಯಲು ಅವನು ಬೇಕೆಂದು ಆರಿಸಿಕೊಂಡ ಉದ್ದೇಶಗಳೂ ಮಾಡಿದ ಕೆಲಸಗಳೂ ಇವೆ. ಕರೆಯದೆ ಬಂದ ಆಲೋಚನೆಯನ್ನು ಆ ಅಳತೆಗೆ ಸೇರಿಸಲು ಸಂಶೋಧನೆ ಈವರೆಗೆ ಯಾವ ಆಧಾರವನ್ನೂ ಕೊಟ್ಟಿಲ್ಲ.